ಇಪ್ಪತ್ತೊಂದರ ಲೆಕ್ಕ

ಗಣಿತ ವಿಭಾಗದ ಮುಖ್ಯಸ್ಥರಿಗೆ ಶಾಲೆಯಲ್ಲಿದ್ದ ಅಡ್ಡಹೆಸರು ‘ಫೈನಲ್’. ಅವರು ಹೇಳಿದ್ದೇ ಫೈನಲ್. ಈ ಸಲ ಅವರ ಉತ್ತರಪಟ್ಟಿ ಕೈಗೆ ಬಂದಾಗ ಗಣಿತದ ಮೇಡಂ ಒಂದು ಉತ್ತರವನ್ನು ಎರಡೆರಡು ಸಲ ಓದಿದಳು.

ಎರಡು ದಾಳ ಹಾಕಿದರೆ ಮೊತ್ತ ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು ಬರುವ ಸಂಭವ ಎಷ್ಟು? ಪಟ್ಟಿಯ ಪ್ರಕಾರ ಇಪ್ಪತ್ತೊಂದರಲ್ಲಿ ಆರು. ಮುಖ್ಯಸ್ಥರು ಮೂರು-ಆರನ್ನೂ ಆರು-ಮೂರನ್ನೂ ಒಂದೇ ಎಂದು ಎಣಿಸಿದ್ದರು. ಮೇಡಂ ಕಲಿಸಿದಂತೆ ಅವೆರಡನ್ನೂ ಬೇರೆಬೇರೆ ಎಣಿಸಿ ಬರೆದವಳು ಒಬ್ಬಳೇ, ಕಿಟಕಿ ಪಕ್ಕದ ಹುಡುಗಿ. ವಿಶೇಷ ಗಣಿತ ತರಗತಿಯಲ್ಲಿ ಉಳಿಯಲು ಅವಳಿಗೆ ಎರಡು ಪರೀಕ್ಷೆಗಳ ಒಂದೊಂದು ಅಂಕವೂ ಬೇಕಿತ್ತು.

ಮೇಡಂ ಒಂದು ಕೆಂಪು, ಒಂದು ಬಿಳಿ ದಾಳ ಹಿಡಿದು ಮುಖ್ಯಸ್ಥರ ಕೋಣೆಗೆ ಹೋದಳು. ಕೆಂಪಿನಲ್ಲಿ ಮೂರು, ಬಿಳಿಯಲ್ಲಿ ಆರು ಒಂದು ಬಗೆ. ಅದಲುಬದಲಾದರೆ ಇನ್ನೊಂದು ಬಗೆ. ಮೊತ್ತ ಎರಡಕ್ಕೆ ಒಂದು ದಾರಿ, ಮೂರಕ್ಕೆ ಎರಡು, ಹೀಗೇ ಏರಿ ಏಳಕ್ಕೆ ಆರು. ಅಲ್ಲಿಂದ ಒಂದೊಂದೇ ಇಳಿದು ಹನ್ನೆರಡಕ್ಕೆ ಮತ್ತೆ ಒಂದು. ಒಟ್ಟು ಮೂವತ್ತಾರು. ಒಂಬತ್ತಕ್ಕೆ ನಾಲ್ಕು, ಹತ್ತಕ್ಕೆ ಮೂರು, ಹನ್ನೊಂದಕ್ಕೆ ಎರಡು, ಹನ್ನೆರಡಕ್ಕೆ ಒಂದು: ಕೂಡಿದರೆ ಹತ್ತು. ಮೂವತ್ತಾರರಲ್ಲಿ ಹತ್ತು.

ಮುಖ್ಯಸ್ಥರು ದಡ್ಡರಲ್ಲ. ಅವರಿಗೆ ಅರ್ಥವಾಯಿತು, ಅದೇ ತೊಂದರೆ.

“ನೀನು ಹೇಳೋದು ಸರಿ,” ಎಂದರು. “ಆದ್ರೆ ಪಟ್ಟಿ ಎಲ್ಲ ತರಗತಿಗೂ ಹೋಗಿಬಿಟ್ಟಿದೆಯಲ್ಲ. ನಿನ್ನ ಕೆಲಸ ಕಾಯಂ ಮಾಡೋ ಪತ್ರ ನಂ ಟೇಬಲ್ ಮೇಲೇ ಇದೆ. ಸುಮ್ನೆ ಯಾಕೆ ರಗಳೆ?”

ಮೇಡಂ ಬಾಲ ಮುದುರಿಕೊಂಡು ಬಂದಳು. ಬೇರೆ ಯಾವ ಮರ್ಯಾದೆಯ ಮಾತೂ ಅದಕ್ಕೆ ಹೊಂದುವುದಿಲ್ಲ. ಸರಿಯಾದ ಉತ್ತರದ ಮೇಲೆ ಕೆಂಪು ಗೆರೆ ಎಳೆದಳು. ಹುಡುಗಿ ಕೇಳಲು ಬಂದಾಗ, ಜೋಡಿಯನ್ನು ಒಂದೇ ಸಲ ಎಣಿಸಬೇಕಿತ್ತು ಎಂದು ನೆಲ ನೋಡುತ್ತ ಹೇಳಿದಳು. ಹುಡುಗಿ ತಲೆಯಾಡಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮರುವಾರ ಮೇಡಂ ಕೆಲಸ ಕಾಯಂ ಆಯಿತು.

ಎರಡನೇ ಪರೀಕ್ಷೆಯಲ್ಲಿ ಅದೇ ಬಗೆಯ ಪ್ರಶ್ನೆ: ಮೊತ್ತ ಏಳು ಬರುವ ಸಂಭವ. ಈ ಸಲ ಮುಖ್ಯಸ್ಥರು ಯಾರಿಗೂ ಹೇಳದೆ ಲೆಕ್ಕ ತಿದ್ದಿಕೊಂಡಿದ್ದರು. ಪಟ್ಟಿಯಲ್ಲಿ ಮೂವತ್ತಾರರಲ್ಲಿ ಆರು ಎಂದಿತ್ತು. ಹುಡುಗಿ ಇಪ್ಪತ್ತೊಂದರಲ್ಲಿ ಮೂರು ಎಂದು ದುಂಡಗೆ ಬರೆದಿದ್ದಳು. ಅದಕ್ಕೂ ಕೆಂಪು ಗೆರೆಯೇ ಬಿತ್ತು, ವಿಶೇಷ ತರಗತಿಯ ಪಟ್ಟಿಯಿಂದ ಅವಳ ಹೆಸರೂ ಬಿತ್ತು.

ಉತ್ತರಪತ್ರಿಕೆ ಹಿಡಿದು ಹುಡುಗಿ ಮೇಜಿನ ಮುಂದೆ ನಿಂತಳು.

“ಮೇಡಂ, ಏಳಕ್ಕೆ ಎಷ್ಟು ದಾರಿ?”

“ಆರು.”

“ಹಾಗಾದ್ರೆ ಹೋದ ಸಲ ನಾನು ಬರ್ದಿದ್ದು ಸರಿ ಇತ್ತಾ?”

ಮೇಡಂ ಹೌದು ಎಂದಳು. ಆ ಒಂದು ಮಾತು ಹೇಳಲು ಅವಳಿಗೆ ಎರಡು ತಿಂಗಳು ಹಿಡಿದಿತ್ತು. ಹುಡುಗಿ ಜಗಳವಾಡಲಿಲ್ಲ, ಅಳಲೂ ಇಲ್ಲ. ಮೇಡಂ ಮುಖವನ್ನು ಒಂದು ಕ್ಷಣ ನೋಡಿ, ಬ್ಯಾಗು ಎತ್ತಿಕೊಂಡು ಪಕ್ಕದ ಸಾಮಾನ್ಯ ತರಗತಿಗೆ ನಡೆದಳು.