ಮೂರು ತಿಂಗಳು, ನಾಲ್ಕು ಜನ

ಟೆಸ್ಟಿಂಗ್ ತಂಡದ ಲೀಡ್ ಆಗಿದ್ದವಳಿಗೆ ಬೆಳಗ್ಗೆಯಿಂದ ಮೈಯೆಲ್ಲ ಉರಿ. ಔಷಧಿ ತರಿಸುವ ಆ್ಯಪ್‌ನಲ್ಲಿ ವಿಳಾಸದ ಪರದೆಯನ್ನು ಹೊಸದು ಮಾಡಿದ್ದೇ ತಡ, ಯಾರದೋ ಅಜ್ಜಿಯ ಇನ್ಸುಲಿನ್ ಅವರು ಬಿಟ್ಟುಬಂದ ಹಳೇ ಮನೆಗೆ ಹೋಗಿ ಕೂತಿತ್ತು. ಮ್ಯಾನೇಜರ್ ಎಲ್ಲರ ಮುಂದೆ, "ಟೆಸ್ಟಿಂಗ್‌ನವರು ಏನು ಕಡಿದು ಕಟ್ಟೆ ಹಾಕ್ತಿದ್ರಿ?" ಅಂದುಬಿಟ್ಟ.

ಹೊಸದು ಸೇರಿಸಿದಾಗ ಹಳೆಯದು ಕೆಟ್ಟಿದೆಯೇ ಎಂದು ನೋಡುವುದೇ ರಿಗ್ರೆಷನ್. ಅವಳ ನಾಲ್ಕು ಜನ ಕೈಯಲ್ಲೇ ಮಾಡಿದರೆ ವಾರ ಬೇಕು. ಆ ವಾರವನ್ನು ಎರಡು ದಿನಕ್ಕೆ ಕತ್ತರಿಸಿದ ಮಹಾಶಯನೇ ಈಗ ಲೆಕ್ಕ ಕೇಳುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನೋ ನೆಲ ಅಗೆದಿಟ್ಟು ಕುಣಿಯಿರಿ ಅನ್ನುವವನು!

ಸಂಜೆ ಮನೆಯ ಊಟದ ಮೇಜಿನ ಮೇಲೆ ಮ್ಯಾನೇಜರ್‌ಗೆ ಪತ್ರ ಬರೆದಳು. "ಮೂರು ತಿಂಗಳು ಕೊಡಿ. ಇಬ್ಬರನ್ನು ರಿಲೀಸ್ ಕೆಲಸದಿಂದ ಬಿಡಿಸಿ. ಟೆಸ್ಟ್ ಓಡಿಸಲು ಒಂದು ಸರ್ವರ್‌ಗೆ, ಕೆಲವು ಫೋನ್‌ಗಳಿಗೆ ಹಣ ಬೇಕು. ಲಾಗಿನ್, ವಿಳಾಸ, ಆರ್ಡರ್, ಪಾವತಿ: ಕೆಟ್ಟರೆ ಜನರಿಗೆ ಪೆಟ್ಟು ಬೀಳುವ ಇವನ್ನು ಕಂಪ್ಯೂಟರೇ ಪರೀಕ್ಷಿಸುವಂತೆ ಮೊದಲು ಸ್ಕ್ರಿಪ್ಟ್ ಬರೆಯುತ್ತೇವೆ. ಆಮೇಲೆ ಅವು ಪ್ರತಿ ರಾತ್ರಿ ತಾವೇ ಓಡುತ್ತವೆ."

ಗಂಡ ಇಣುಕಿ ಓದಿ, "ಇಷ್ಟು ಸಿಟ್ಟಲ್ಲಿ ಇಷ್ಟು ಮರ್ಯಾದೆ ಎಲ್ಲಿಂದ ತಂದೆ ಮಹರಾಯ್ತಿ?" ಅಂದ. ಅವಳಿಗೆ ನಗು ಬರಲಿಲ್ಲ.

ಮರುದಿನ ಮ್ಯಾನೇಜರ್ ಬಾಯ್ತುಂಬ ಹೊಗಳಿದ. "ತಾವೇ ಓಡುತ್ತವೆ ಅಂತ ನೀವೇ ಬರ್ದಿದೀರಲ್ಲ. ಹಾಗಾದ್ರೆ ನಾಲ್ಕು ಜನ ಯಾಕೆ? ಇಬ್ಬರನ್ನ ಕೆಲಸದಿಂದ ತೆಗೆದುಬಿಡೋಣ. ಆ ಸಂಬಳದಲ್ಲೇ ನಿಮ್ಮ ಬಜೆಟ್ಟೂ ಬಂತು."

ಅವಳ ಮಾತನ್ನೇ ಕತ್ತಿ ಮಾಡಿ ಅವಳ ಮಕ್ಕಳಂಥ ಹುಡುಗರ ಕುತ್ತಿಗೆಗೆ ಹಿಡಿದಿದ್ದ.

"ಸ್ಕ್ರಿಪ್ಟ್ ಬರೆಯೋರು ಯಾರು ಸರ್? ಪರದೆ ಬದಲಾದಾಗಲೆಲ್ಲ ಅದನ್ನ ತಿದ್ದೋರು ಯಾರು? ನಾವು ಹೇಳಿಕೊಟ್ಟಷ್ಟನ್ನೇ ಅದು ನೋಡೋದು. ಹೊಸ ತಪ್ಪು ಹುಡುಕೋಕೆ ಮನುಷ್ಯರೇ ಬೇಕು."

"ಶುಕ್ರವಾರದೊಳಗೆ ಎರಡು ಹೆಸರು ಕೊಡಿ," ಎಂದ ಅವನು, ಫೋನ್ ನೋಡುತ್ತಾ.

ಶುಕ್ರವಾರವೇ ಆ್ಯಪ್‌ನ ಮುಂದಿನ ರಿಲೀಸ್. ಈ ಸಲವೂ ರಿಗ್ರೆಷನ್‌ಗೆ ಸಿಕ್ಕಿದ್ದು ಎರಡೇ ದಿನ. ಟೆಸ್ಟಿಂಗ್ ಒಪ್ಪಿಗೆ ಇಲ್ಲದೆ ಬಿಡುಗಡೆ ಮಾಡಬೇಕಾದರೆ ಮ್ಯಾನೇಜರ್ ತಾನೇ ಹೊಣೆ ಹೊತ್ತು ಸಹಿ ಹಾಕಬೇಕೆಂಬುದು ಕಂಪನಿಯ ನಿಯಮ. ಈವರೆಗೆ ಯಾರೂ ಅವನಿಗೆ ಆ ಕಷ್ಟ ಕೊಟ್ಟಿರಲಿಲ್ಲ.

ಆ ದಿನ ಅವಳು ಕಂಪ್ಯೂಟರಿನಲ್ಲಿ ರಿಲೀಸ್ ಫಾರಂ ತೆರೆದು ಒಪ್ಪಿಗೆಯ ಜಾಗದಲ್ಲಿ ಬರೆದಳು: "ವಿಳಾಸ, ಪಾವತಿ: ಪರೀಕ್ಷಿಸಲು ಸಮಯ ಸಿಕ್ಕಿಲ್ಲ. ನನ್ನ ಒಪ್ಪಿಗೆ ಇಲ್ಲ." ಮೇಲಿನವರಿಗೂ ಪ್ರತಿ ಕಳಿಸಿದಳು.

ಅವನು ದುಮುಗುಡುತ್ತಾ ಅವಳ ಮೇಜಿಗೇ ಬಂದ. "ಏನ್ರೀ ಇದು? ಹೆಸರು ಕೊಡಿ ಅಂದ್ರೆ..."

"ಹೆಸರು ಬೇಕಾಗಿರೋದು ಅಲ್ಲಿ ಸರ್. ಸಹಿ ಹಾಕಿ. ಮತ್ತೆ ಇನ್ಸುಲಿನ್ ದಾರಿ ತಪ್ಪಿದ್ರೆ ನಿಮ್ಮನ್ನೇ ಕೇಳ್ತಾರೆ." ಅವಳು ಸಿಟ್ಟಿನಲ್ಲೇ ಮೌಸನ್ನು ಅವನತ್ತ ತಳ್ಳಿ, ಪರದೆಯಲ್ಲಿ ಅವನ ಸಹಿಗೆಂದಿದ್ದ ಖಾಲಿ ಜಾಗ ತೋರಿಸಿದಳು. ನಾಲ್ವರೂ ಕೀಲಿಮಣೆಯಿಂದ ಕೈ ತೆಗೆದು ನೋಡುತ್ತಿದ್ದರು.

ಅವನು ಪರದೆಯನ್ನೇ ದಿಟ್ಟಿಸಿದ. ಮೌಸ್ ಮುಟ್ಟಲಿಲ್ಲ.

"ಎಷ್ಟು ತಿಂಗಳು ಕೇಳಿದ್ರಿ?"

"ಮೂರು. ನಾಲ್ಕೂ ಜನರನ್ನ ಇಟ್ಕೊಂಡು."