ಹಜಾರದ ಪ್ರಿಂಟರ್

ಆ ಕಚೇರಿಯಲ್ಲಿ ಎಲ್ಲರೂ ಅವಳನ್ನು ವೈರಿ ಅಂತಲೇ ಕರೆಯುತ್ತಿದ್ದರು. ದ್ವೇಷದಿಂದಲ್ಲ. ಸದಾ ಹೆಗಲ ಮೇಲೊಂದು ವೈರಿನ ಸುರುಳಿ ಹಾಕಿಕೊಂಡು ಓಡಾಡುತ್ತಿದ್ದಳಲ್ಲ, ಕೌನ್ಸೆಲರ್ ಮೇಡಂ ಒಂದು ದಿನ ನಗುತ್ತಾ ಇಟ್ಟ ಹೆಸರು ಅದು. ‘ನಮ್ಮ ವೈರಿ ಬಂದಳು, ಇನ್ನು ಕಂಪ್ಯೂಟರ್ ಸರಿಹೋಗುತ್ತೆ’ ಅನ್ನೋರು.

ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರಿಗೆ ಕಾನೂನಿನ ನೆರವು ಕೊಡುವ ಚಿಕ್ಕ ಕಚೇರಿ ಅದು. ಮುಂದೆ ಕಾಯುವವರಿಗೆ ಒಂದು ಹಜಾರ, ಹಿಂದೆ ಒಳಕೋಣೆಗಳು, ಅದರಾಚೆ ಗಲ್ಲಿಗೆ ತೆರೆಯುವ ಹಿಂಬಾಗಿಲು. ಹಜಾರದ ಮೇಜಿನಲ್ಲಿ ಕೂರುತ್ತಿದ್ದವಳು ವೈರಿಯ ಸೋದರತ್ತೆ. ಈ ಕೆಲಸ ಕೊಡಿಸಿದ್ದೂ ಅವಳೇ. ಹದಿನಾಲ್ಕು ಕಂಪ್ಯೂಟರ್, ಎರಡು ಪ್ರಿಂಟರ್, ಸ್ಟೋರ್ ರೂಮಿನ ಮೂಲೆಯಲ್ಲಿ ಗೊರಗೊರ ಅನ್ನುವ ಒಂದು ಸರ್ವರ್: ಇಷ್ಟೇ ವೈರಿಯ ಸಂಸಾರ.

ಮೊದಲೆಲ್ಲ ಪ್ರತಿ ಕಂಪ್ಯೂಟರಿನ ಮುಂದೆ ಕೂತು ಅವಳೇ ಪ್ರಿಂಟರ್ ಸೇರಿಸಬೇಕಿತ್ತು. ಆಮೇಲೆ ಎರಡೂ ಪ್ರಿಂಟರನ್ನು ಸರ್ವರಿಗೆ ತಂದು, ಎಲ್ಲ ಕಂಪ್ಯೂಟರಿಗೂ ಒಂದೇ ಕಡೆಯಿಂದ ಅಪ್ಪಣೆ ಕೊಡುವ ಗ್ರೂಪ್ ಪಾಲಿಸಿಯಲ್ಲಿ ನಿಯಮ ಬರೆದಳು. ಕಂಪ್ಯೂಟರುಗಳನ್ನು ‘ಹಜಾರ’, ‘ಒಳಕೋಣೆ’ ಅಂತ ಎರಡು ಗುಂಪು ಮಾಡಿದಳು. ಹಜಾರದ ಗುಂಪಿನ ಕಂಪ್ಯೂಟರಿನಲ್ಲಿ ಯಾರೇ ಲಾಗಿನ್ ಆದರೂ ಹಜಾರದ ಪ್ರಿಂಟರ್ ಸಿಗುತ್ತದೆ, ಒಳಕೋಣೆಯ ಗುಂಪಿನವಕ್ಕೆ ಒಳಗಿನದು. ಯಾರೂ ಆರಿಸಬೇಕಾಗಿಲ್ಲ, ಪ್ರಿಂಟ್ ಒತ್ತಿದರೆ ಸಾಕು. ವರ್ಷವಿಡೀ ಒಂದು ತಕರಾರೂ ಬಂದಿರಲಿಲ್ಲ.

ಹಿಂದಿನ ದಿನ ಕೌನ್ಸೆಲರ್ ಮೇಡಂ ಅವರ ಹಳೆಯ ಕಂಪ್ಯೂಟರ್ ಹೊಗೆಯಾಡಿ ಸತ್ತಿತ್ತು. ವೈರಿ ತರಾತುರಿಯಲ್ಲಿ ಹೊಸದೊಂದನ್ನು ಕೂರಿಸಿ, ಗುಂಪಿಗೆ ಸೇರಿಸಿ, ಬಸ್ಸು ಹಿಡಿದು ಮನೆಗೆ ಹೋಗಿದ್ದಳು.

ಇವತ್ತು ವಕೀಲರಿಬ್ಬರೂ ಕೋರ್ಟಿಗೆ ಹೋಗಿದ್ದರು. ಹಿಂಬಾಗಿಲಿನಿಂದ ಒಬ್ಬ ಹೆಂಗಸು ಮಗಳನ್ನು ಎತ್ತಿಕೊಂಡು ಬಂದು ಕೌನ್ಸೆಲರ್ ಮೇಡಂ ಕೋಣೆ ಸೇರಿದ್ದಳು. ಮಧ್ಯಾಹ್ನದೊಳಗೆ ಅವಳನ್ನು ಸುರಕ್ಷಿತ ವಸತಿಗೆ ಕಳಿಸಬೇಕಿತ್ತು. ಆ ವಸತಿ ಎಲ್ಲಿದೆ ಅನ್ನುವುದು ಕಚೇರಿಯಲ್ಲೂ ಎಲ್ಲರಿಗೆ ಗೊತ್ತಿರಲಿಲ್ಲ.

ವೈರಿ ನೀರು ಕುಡಿಯಲು ಹಜಾರಕ್ಕೆ ಬಂದಾಗ ಅಲ್ಲೊಬ್ಬ ಗಂಡಸು ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲೆ ಹೆಲ್ಮೆಟ್. ಕೂತಿದ್ದು ಪ್ರಿಂಟರಿನ ಪಕ್ಕದ ಕುರ್ಚಿಯಲ್ಲಿ. ಅತ್ತೆ ಲೋಟ ಕೊಡುವ ನೆಪದಲ್ಲಿ ಬಾಗಿ ಪಿಸುಗುಟ್ಟಿದಳು.

“ಹೆಂಡತಿ ಇಲ್ಲಿಗೆ ಬಂದಿದ್ದಾಳಾ ಅಂತ ಕೇಳಿದ. ಅಂಥವರು ಯಾರೂ ಇಲ್ಲಪ್ಪ ಅಂದೆ. ಆದರೂ ಏಳ್ತಾ ಇಲ್ಲ. ವಕೀಲರನ್ನ ನೋಡ್ಕೊಂಡೇ ಹೋಗ್ತೀನಿ ಅಂತಾನೆ.”

“ಒಳಗಿರೋರ ಗಂಡಾನಾ?”

“ಇನ್ಯಾರಿರ್ತಾರೆ? ಮಗೂಗೆ ನಾಲ್ಕು ವರ್ಷ, ಕೆನ್ನೆ ಮೇಲೆ ಮಚ್ಚೆ ಇದೆ ಅಂದ. ನೀನು ಒಳಗೆ ಹೋಗು, ಮೇಡಂಗೆ ಹೇಳು.”

ವೈರಿ ಹೇಳಿದಳು. ಮೇಡಂ ಗಡಿಯಾರ ನೋಡಿದರು. “ಹಾಗಾದರೆ ಬೇಗ ಹೊರಡಿಸೋಣ. ಗಾಡಿ ಗಲ್ಲಿಯಲ್ಲೇ ಇದೆ. ಡ್ರೈವರ್‌ಗೆ ಚೀಟಿ ಕೊಟ್ಟರೆ ಆಯ್ತು,” ಅಂದರು. ವೈರಿ ಸ್ಟೋರ್ ರೂಮಿಗೆ ಹೋಗಿ ಕೂತಳು. ಕೂತು ಇನ್ನೂ ಕುರ್ಚಿ ಬಿಸಿಯಾಗಿರಲಿಲ್ಲ, ಇಂಟರ್‌ಕಾಂ ಬಡಿದುಕೊಂಡಿತು.

“ವೈರಿ, ಪ್ರಿಂಟ್ ಬರ್ತಾ ಇಲ್ಲ ಕಣೇ. ಎರಡು ಸಲ ಒತ್ತಿದೆ. ನಮ್ಮ ಪ್ರಿಂಟರ್ ಸುಮ್ಮನೆ ನಿಂತಿದೆ.”

“ಇರಿ ಮೇಡಂ, ನೋಡ್ತೀನಿ. ಇನ್ನೊಂದು ಸಲ ಒತ್ತಬೇಡಿ.”

ಸರ್ವರಿನಲ್ಲಿ ಪ್ರಿಂಟರುಗಳ ಸರದಿ ತೆರೆದಳು. ಒಳಕೋಣೆಯ ಸರದಿ ಖಾಲಿ. ಹಜಾರದ್ದನ್ನು ತೆರೆದಳು. ಎರಡು ಕಡತ. ಎರಡರ ಮುಂದೂ ಮೇಡಂ ಹೆಸರು. ಕಡತದ ಹೆಸರು, ‘ವಸತಿಗೆ ಕಳಿಸುವ ಚೀಟಿ’. ಮೇಲೆ ಕೆಂಪಕ್ಷರದಲ್ಲಿ: ಕಾಗದ ಮುಗಿದಿದೆ.

ಒಂದು ಕ್ಷಣ ಅವಳಿಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಕಂಪ್ಯೂಟರುಗಳ ಪಟ್ಟಿ ತೆಗೆದು ನೋಡಿದಳು. ಹೌದು. ನಿನ್ನೆಯ ಹೊಸ ಕಂಪ್ಯೂಟರನ್ನು ಅವಳೇ, ತನ್ನ ಕೈಯಾರೆ, ‘ಹಜಾರ’ದ ಗುಂಪಿಗೆ ಹಾಕಿದ್ದಳು. ನಿಯಮ ತಪ್ಪು ಮಾಡಿರಲಿಲ್ಲ. ಹೇಳಿದ ಹಾಗೆ ಕೇಳಿತ್ತು.

ಆ ಚೀಟಿಯಲ್ಲಿ ಹೆಂಗಸಿನ ಹೆಸರಿದೆ, ಮಗುವಿನ ಹೆಸರಿದೆ, ವಸತಿಯ ಪೂರ್ತಿ ವಿಳಾಸವಿದೆ. ಯಾರಾದರೂ ಹಜಾರದ ಪ್ರಿಂಟರಿಗೆ ಕಾಗದ ಹಾಕಿದರೆ ಅದು ಅವನ ಮೊಣಕೈ ಪಕ್ಕ ಬಂದು ಬೀಳುತ್ತದೆ.

ಸರದಿಯನ್ನು ತಡೆದಳು. ಎರಡೂ ಕಡತಗಳನ್ನು ಅಳಿಸಿದಳು. ಎರಡನೆಯದು ಮಾಯವಾಯಿತು. ಮೊದಲನೆಯದು ‘ಅಳಿಸಲಾಗುತ್ತಿದೆ’ ಅಂತ ತೋರಿಸಿ ಅಲ್ಲೇ ಕಚ್ಚಿಕೊಂಡು ನಿಂತಿತು. ಯಾಕೆಂದು ಅವಳಿಗೆ ಗೊತ್ತಿತ್ತು. ಒಂದೇ ಪುಟದ ಚೀಟಿ. ಅಷ್ಟೂ ಆಗಲೇ ಪ್ರಿಂಟರಿನ ಹೊಟ್ಟೆ ಸೇರಿರುತ್ತದೆ. ಇನ್ನು ಸರ್ವರಿನಲ್ಲಿ ಏನು ಒತ್ತಿದರೂ ಅದು ವಾಪಸ್ ಬರುವುದಿಲ್ಲ. ಪ್ರಿಂಟರಿನ ಕರೆಂಟ್ ಕಿತ್ತರೆ ಮಾತ್ರ ಅದು ಮರೆಯುತ್ತದೆ.

ಹಜಾರಕ್ಕೆ ಫೋನ್ ಮಾಡಿದಳು.

“ಅತ್ತೆ, ನಾನು. ಹೂಂ ಉಹೂಂ ಅಷ್ಟೇ ಹೇಳಿ. ಅವನು ಅಲ್ಲೇ ಇದ್ದಾನಾ?”

“ಹೂಂ.”

“ಪ್ರಿಂಟರ್‌ಗೆ ಕಾಗದ ಹಾಕಬೇಡಿ.”

ಅತ್ತೆ ಎಂದೂ ಹೂಂ ಉಹೂಂಗೆ ನಿಂತವಳಲ್ಲ. “ಅಯ್ಯೋ, ಅದು ಆಗಿನಿಂದ ಕೆಂಪು ದೀಪ ಹಾಕ್ಕೊಂಡು ಕೂಗ್ತಾ ಇತ್ತು ಕಣೇ. ಕಾಗದದ ಕಟ್ಟು ಈಗ ತಂದಿಟ್ಟೆ. ನನ್ನ ಸೊಂಟ ನೋಡಿ ಪಾಪ ಇವರೇ ಹಾಕಿಕೊಡ್ತೀನಿ ಅಂತ…”

ವೈರಿ ಫೋನ್ ಇಡಲಿಲ್ಲ, ಬಿಟ್ಟಳು.

ಸ್ಟೋರ್ ರೂಮಿನಿಂದ ಹಜಾರಕ್ಕೆ ಒಂದು ಕಾರಿಡಾರ್, ಒಂದು ತಿರುವು. ಓಡಿದರೆ ಅವನಿಗೆ ಗೊತ್ತಾಗುತ್ತದೆ, ನಡೆದರೆ ಹೊತ್ತಾಗುತ್ತದೆ. ತಿರುವಿನ ತನಕ ಓಡಿ, ಅಲ್ಲಿಂದ ನಡೆದಳು.

ಅವನು ಪ್ರಿಂಟರಿನ ಮುಂದೆ ಮೊಣಕಾಲೂರಿ ಕೂತಿದ್ದ. ಕಾಗದವನ್ನು ಟ್ರೇಯಲ್ಲಿ ಅಚ್ಚುಕಟ್ಟಾಗಿ ಜೋಡಿಸಿ, ಅಂಗೈಯಿಂದ ತಟ್ಟಿ ಸರಿಮಾಡುತ್ತಿದ್ದ.

“ಸರ್, ಬೇಡ, ಆ ಟ್ರೇ ಸರಿ ಇಲ್ಲ, ನಾನು…”

“ಆಯ್ತು, ಆಯ್ತು,” ಅಂದು ಅವನು ಟ್ರೇ ಒಳಕ್ಕೆ ತಳ್ಳಿದ.

ಪ್ರಿಂಟರ್ ಎಚ್ಚೆತ್ತಿತು. ಒಳಗೆ ಚಕ್ರ ತಿರುಗುವ ಸದ್ದು. ಕಾಗದ ಒಳಕ್ಕೆಳೆದುಕೊಂಡಿತು. ಪ್ಲಗ್ ಇದ್ದದ್ದು ಅವನ ಕುರ್ಚಿಯ ಹಿಂದೆ. ವೈರಿ ಕುರ್ಚಿಯನ್ನು ಸರಿಸಲಿಲ್ಲ, ಅದರ ಮೇಲೇ ಬಿದ್ದ ಹಾಗೆ ಬಾಗಿ, ವೈರನ್ನು ಬುಡದಿಂದ ಕಿತ್ತಳು. ಕುರ್ಚಿಯ ಮೇಲಿದ್ದ ಹೆಲ್ಮೆಟ್ ಉರುಳಿ ಧಡಾರನೆ ನೆಲಕ್ಕೆ ಬಿತ್ತು.

ಸದ್ದು ನಿಂತಿತು. ಮೇಲಿನ ಸೀಳಿನಿಂದ ಒಂದು ಹಾಳೆ ಮೂರು ಬೆರಳಿನಷ್ಟು ಹೊರಗೆ ಬಂದು ನಿಂತಿತ್ತು. ಅಕ್ಷರ ಕೆಳಮುಖವಾಗಿ ಬರುವ ಪ್ರಿಂಟರ್ ಅದು. ಕಾಣುತ್ತಿದ್ದದ್ದು ಬರೀ ಬಿಳಿ ಬೆನ್ನು.

“ಅರ್ಧಕ್ಕೇ ನಿಂತಿತಲ್ಲ,” ಅಂದು ಅವನು ಎರಡು ಬೆರಳಿನಿಂದ ಅದರ ತುದಿ ಹಿಡಿದ.

“ಮುಟ್ಟಬೇಡಿ!” ಕೂಗಿದ್ದು ಹೆಚ್ಚಾಯಿತು ಅಂತ ಅವಳಿಗೇ ಅನ್ನಿಸಿತು. ದನಿ ತಗ್ಗಿಸಿದಳು. “ಒಳಗೆ ಕಾದಿರುತ್ತೆ ಸರ್. ಎಳೆದರೆ ಹರಿದು ಒಳಗೇ ಉಳಿಯುತ್ತೆ. ಆಮೇಲೆ ನಾನೇ ಬಿಚ್ಚಿ ಕೂರಬೇಕು.”

ಅವನು ಕೈ ತೆಗೆಯಲಿಲ್ಲ. ಅವಳ ಮುಖವನ್ನೇ ನೋಡಿದ. ಸಿಟ್ಟಿನ ನೋಟವಲ್ಲ, ಲೆಕ್ಕ ಹಾಕುವ ನೋಟ.

ಆಗ ಅತ್ತೆ ಮೇಜಿನ ಹಿಂದಿನಿಂದ ಎದ್ದು ಬಂದು ಹೆಲ್ಮೆಟ್ ಎತ್ತಿ ಸೆರಗಿನಿಂದ ಒರೆಸತೊಡಗಿದಳು. “ಅಯ್ಯಯ್ಯೋ, ಗೀರು ಬಿತ್ತೇನೋ ನೋಡಪ್ಪ. ಇವಳಿಗೆ ಬುದ್ಧಿ ಇಲ್ಲ. ಚಿಕ್ಕಂದಿನಿಂದಲೂ ಹೀಗೇ. ಮದುವೆ ಮನೆಯಲ್ಲಿ ಸಾರಿನ ಪಾತ್ರೆಗೇ ಕಾಲಿಟ್ಟಿದ್ದಳು.”

ಅವನು ಹೆಲ್ಮೆಟ್ ಕಡೆ ತಿರುಗಿದ. ಬೆರಳು ಬಿಟ್ಟಿತು. ವೈರಿ ಹಿಂದಿನ ಮುಚ್ಚಳ ತೆರೆದು ಹಾಳೆಯನ್ನು ಹಿಮ್ಮುಖವಾಗಿ ಎಳೆದು, ಎಳೆಯುತ್ತಲೇ ಮುದುಡಿ ಮುಷ್ಟಿಯೊಳಗೆ ಹಿಡಿದಳು. ಇನ್ನೂ ಅಂಟದ ಕರಿಪುಡಿ ಅಂಗೈಗೆಲ್ಲ ಮೆತ್ತಿಕೊಂಡಿತು.

“ಮುಖ್ಯವಾದ್ದಾ?” ಅವನು ಕೇಳಿದ.

“ನಾನೇ ಕಳಿಸಿದ ಟೆಸ್ಟ್ ಪುಟ ಸರ್. ಕೆಟ್ಟಿದೆಯಾ ಅಂತ ನೋಡೋಕೆ. ಕೆಟ್ಟಿದೆ.”

ಪ್ಲಗ್ ಮತ್ತೆ ಹಾಕಲಿಲ್ಲ. ವೈರನ್ನೇ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೋದಳು.

ಸ್ಟೋರ್ ರೂಮಿಗೆ ಬಂದು ಬಾಗಿಲು ಹಾಕಿಕೊಂಡಳು. ಆದರೆ ಕೆಲಸ ಮುಗಿದಿರಲಿಲ್ಲ. ಸರದಿಯಲ್ಲಿ ಆ ಮೊದಲ ಕಡತ ಇನ್ನೂ ಹಾಗೇ ಇತ್ತು. ಯಾರಾದರೂ ಪ್ರಿಂಟರಿಗೆ ಜೀವ ಕೊಟ್ಟರೆ ಸರ್ವರ್ ಅದನ್ನು ಮೊದಲಿನಿಂದ ಕಳಿಸಿದರೂ ಕಳಿಸೀತು. ಸರದಿಯನ್ನು ನಡೆಸುವ ಸ್ಪೂಲರ್ ಅನ್ನೇ ನಿಲ್ಲಿಸಿ, ಸರದಿಯ ಕಡತಗಳು ಕೂರುವ ಫೋಲ್ಡರನ್ನು ಬರಿದು ಮಾಡಿ, ಮತ್ತೆ ಶುರು ಮಾಡಿದಳು. ಸರದಿ ಖಾಲಿಯಾಯಿತು. ನಂಬಿಕೆ ಬರದೆ ಇನ್ನೊಮ್ಮೆ ತೆರೆದು ನೋಡಿದಳು. ಆಮೇಲೆ ಮೇಡಂ ಕಂಪ್ಯೂಟರನ್ನು ‘ಒಳಕೋಣೆ’ಯ ಗುಂಪಿಗೆ ಎಳೆದು ಹಾಕಿ, ಅವರ ಕೋಣೆಗೆ ಹೋದಳು.

“ರೀಸ್ಟಾರ್ಟ್ ಮಾಡಬೇಕು ಮೇಡಂ. ಆಗಲೇ ಹೊಸ ನಿಯಮ ತಗೊಳ್ಳುತ್ತೆ,” ಅಂದಳು. ಆಮೇಲೆ ಇನ್ನು ಮುಚ್ಚಿಡಲಾಗದೆ, “ಚೀಟಿ ಹಜಾರಕ್ಕೆ ಹೋಗಿತ್ತು. ನನ್ನ ತಪ್ಪು. ಅವನ ಕೈ ಅದರ ಮೇಲಿತ್ತು. ಓದಲಿಲ್ಲ,” ಅಂದಳು.

ಮೇಡಂ ರೀಸ್ಟಾರ್ಟ್ ಒತ್ತಿದರು.

ಮೂಲೆಯಲ್ಲಿ ಆ ಹೆಂಗಸು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಮಗುವಿನ ಬಾಯಿಯ ಮೇಲೆ ಅವಳ ಅಂಗೈ ಇತ್ತು. ಮಗು ಅಳುತ್ತಿರಲಿಲ್ಲ. ಅಭ್ಯಾಸವಾದ ಹಾಗೆ ಮೂಗಿನಿಂದ ಉಸಿರಾಡುತ್ತಾ ಕೂತಿತ್ತು.

“ಹೆಲ್ಮೆಟ್ ಬಿದ್ದ ಸದ್ದು ಕೇಳಿಸಿತು,” ಅಂದಳು ಹೆಂಗಸು. “ಅವರು ಎದ್ದು ಬಂದರಾ?”

“ಇಲ್ಲ ಅಕ್ಕ. ಬೀಳಿಸಿದ್ದು ನಾನು.”

“ಬೈದರಾ?”

“ಇಲ್ಲ.”

“ಹಾಗಾದರೆ ಸಿಟ್ಟು ಇನ್ನೂ ಒಳಗೇ ಇದೆ,” ಅಂದಳು.

ಕಂಪ್ಯೂಟರ್ ಎದ್ದು ಬಂತು. ಮೇಡಂ ಲಾಗಿನ್ ಆದರು. ವೈರಿ ಪ್ರಿಂಟರಿನ ಹೆಸರನ್ನು ಬೆರಳಿಟ್ಟು ಓದಿದಳು: ಒಳಕೋಣೆ. ಹಜಾರದ್ದು ಪಟ್ಟಿಯಲ್ಲೇ ಇಲ್ಲ. ಆದರೂ ಮೊದಲು ಒಂದು ಖಾಲಿ ಹಾಳೆ ಕಳಿಸಿದಳು. ಪಕ್ಕದ ಬೀರುವಿನ ಬಳಿಯ ಪ್ರಿಂಟರ್ ಕೊರ್ರೆಂದು ಅದನ್ನು ಹೊರಹಾಕಿತು. ಆಮೇಲೆ ಚೀಟಿ. ಅದರ ಸದ್ದು ಹಜಾರಕ್ಕೂ ಕೇಳುತ್ತಿದೆಯೇನೋ ಅಂತ ಮೂವರೂ ಬಾಗಿಲನ್ನೇ ನೋಡಿದರು.

ಮೇಡಂ ಚೀಟಿ ಹಿಡಿದು ಮುಂದೆ ನಡೆದರು. ಹೆಂಗಸು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಳು. ಹಿಂಬಾಗಿಲ ಚಿಲಕವನ್ನು ವೈರಿ ಎರಡೂ ಕೈಯಿಂದ, ಕಿರುಗುಟ್ಟದ ಹಾಗೆ, ತೆಗೆದಳು. ಗಾಡಿ ಹೊರಟಿತು. ಗಲ್ಲಿಯ ತಿರುವಿನಲ್ಲಿ ಮಗುವಿನ ತಲೆ ಕಿಟಕಿಯಿಂದ ಮಾಯವಾಗುವುದನ್ನು ಕಂಡ ಮೇಲೆಯೇ ಅವಳು ಬಾಗಿಲು ಹಾಕಿದ್ದು.

ಅವನು ಬಾಗಿಲು ಹಾಕುವ ಹೊತ್ತಿನ ತನಕ ಕೂತಿದ್ದ. ಅಷ್ಟರಲ್ಲಿ ವಕೀಲರು ಬಂದು, ಇಲ್ಲಿ ಯಾರ ವಿಷಯವನ್ನೂ ಯಾರಿಗೂ ಹೇಳುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಅವನು ಕೈ ಮುಗಿದು ಎದ್ದ. ಹೋಗುವಾಗ ಅತ್ತೆಯನ್ನು ಮೆಲ್ಲಗೆ ಕೇಳಿದ, “ನಿಮ್ಮ ಕಚೇರಿಗೆ ಹಿಂದೆಯೂ ಬಾಗಿಲಿದೆಯಾ?”

“ನನಗೇನು ಗೊತ್ತಪ್ಪ, ನಾನು ಮುಂದೆ ಕೂರೋಳು,” ಅಂದಳು ಅತ್ತೆ.

ಸಂಜೆ ಇಬ್ಬರೂ ಅತ್ತೆಯ ಸ್ಕೂಟರಿನಲ್ಲಿ ಮನೆಗೆ ಹೊರಟರು. ಅತ್ತೆ ಮತ್ತೆ ಮತ್ತೆ ಕನ್ನಡಿ ನೋಡುತ್ತಾ ಓಡಿಸಿದಳು. ಎರಡನೆಯ ತಿರುವಿನ ಹೊತ್ತಿಗೆ, “ನಮ್ಮ ಹಿಂದೆ ಒಂದು ಬೈಕಿದೆ, ನೋಡು,” ಅಂದಳು. ವೈರಿ ತಿರುಗಿ ನೋಡಿದಳು. ಹೆಲ್ಮೆಟ್ ಹಾಕಿದ ಮುಖ, ಯಾರದ್ದಾದರೂ ಆಗಿರಬಹುದಿತ್ತು. ಅತ್ತೆ ಮನೆಯ ರಸ್ತೆಗೆ ತಿರುಗಿಸಲಿಲ್ಲ, ನೆಟ್ಟಗೆ ಹೋದಳು. ಮಾರ್ಕೆಟ್ಟಿನ ಸಿಗ್ನಲ್ಲಿನಲ್ಲಿ ಬೈಕ್ ಅವರನ್ನು ದಾಟಿ, ಬೇರೆ ದಾರಿ ಹಿಡಿದು ಹೋಯಿತು.

ಆದರೂ ಅವರಿಬ್ಬರೂ ಇನ್ನೆರಡು ಬೀದಿ ಸುಮ್ಮನೆ ಸುತ್ತಿ, ಆಮೇಲೆ ಮನೆಗೆ ಹೋದರು.