ಮೂವತ್ತು ಬುಟ್ಟಿ ಎಲೆ

ಹಿತ್ತಲಿನ ಗೊಬ್ಬರದ ತೊಟ್ಟಿ ನಾರತೊಡಗಿದಾಗ ಮೂರನೇ ಮಹಡಿಯವರೂ ಕಿಟಕಿ ಮುಚ್ಚಿಕೊಂಡರು. ತೊಟ್ಟಿ ಹೂವಿನತ್ತೆಯದು. ಕುಂಡಗಳಲ್ಲಿ ಹೂ ಬೆಳೆಸುತ್ತಿದ್ದ ಆಕೆಗೆ ಕಟ್ಟಡದವರೆಲ್ಲ ಇಟ್ಟ ಹೆಸರು ಅದು. ಪಾಪ, ತರಕಾರಿ ಸಿಪ್ಪೆಯನ್ನಷ್ಟೇ ಸುರಿದಿದ್ದಳು, ಅದು ಕೊಳೆತು ನೀರಾಗಿತ್ತು.

ಕಟ್ಟಡದ ಸಂಘದ ಸೆಕ್ರೆಟರಿ ಇಳಿದು ಬಂದರು. "ಅಮ್ಮಾ, ತಿಂಗಳ ಕೊನೇ ಭಾನುವಾರ ನೋಡ್ತೀನಿ. ಗೊಬ್ಬರ ಆಗೋ ಲಕ್ಷಣ ಇಲ್ದಿದ್ರೆ ಆ ಜಾಗ ಸೈಕಲ್ ನಿಲ್ಸೋಕೆ."

ಅತ್ತೆ ತನ್ನ ಹೂಗಳತ್ತ ನೋಡಿದಳು. ಆ ತೊಟ್ಟಿ ಹೋದರೆ ಕುಂಡಗಳ ಗತಿಯೇನು?

ಅತ್ತೆಯ ಯಜಮಾನರು ನಿವೃತ್ತ ಲೆಕ್ಕದ ಮೇಷ್ಟ್ರು. ಯಾವುದೋ ಪುಸ್ತಕ ತಿರುವಿ, "ಇಂಗಾಲ ಮೂವತ್ತು, ಸಾರಜನಕ ಒಂದು. ಒಣಗಿದೆಲೆ ಇಂಗಾಲ, ಹಸಿ ಸಿಪ್ಪೆ ಸಾರಜನಕ. ಲೆಕ್ಕ ಮುಗೀತು" ಎಂದರು. ಹಳೆಯದನ್ನು ಖಾಲಿ ಮಾಡಿ, ಒಂದು ಬುಟ್ಟಿ ಸಿಪ್ಪೆಗೆ ಮೂವತ್ತು ಬುಟ್ಟಿ ಎಲೆ ಎಣಿಸಿ ಹಾಕಿಸಿದರು. ವಾಸನೆಯೇನೋ ಹೋಯಿತು. ಆದರೆ ದಿನಗಳು ಕಳೆದರೂ ಎಲೆಗಳು ಉದುರಿದ ದಿನದಂತೆಯೇ ಗರಿಗರಿಯಾಗಿದ್ದವು. ಅತ್ತೆ ಕೈಯಿಟ್ಟು ನೋಡಿದರೆ ಒಳಗೆಲ್ಲ ತಣ್ಣಗೆ.

"ರೀ, ನಿಮ್ಮ ಲೆಕ್ಕ ಚಳಿಗೆ ಮುದುರಿಕೊಂಡಿದೆ."

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಮುಖ ಸಪ್ಪಗಾಯಿತು. "ಎಡವಿದೆ ಕಣೇ. ಮೂವತ್ತು ಅನ್ನೋದು ಬುಟ್ಟಿ ಲೆಕ್ಕ ಅಲ್ಲ, ಇಡೀ ಗುಡ್ಡೆಯೊಳಗಿನ ಇಂಗಾಲದ ಲೆಕ್ಕ. ಎಲೇಲೂ ಒಂಚೂರು ಸಾರಜನಕ ಇರುತ್ತೆ, ಸಿಪ್ಪೇಲೂ ಇಂಗಾಲ ಇರುತ್ತೆ. ಒಂದು ಬುಟ್ಟಿ ಸಿಪ್ಪೆಗೆ ಎರಡು ಮೂರು ಬುಟ್ಟಿ ಎಲೆ ಸಾಕಾಗಿತ್ತು. ಎಲೆ ಕೊಳೆಸೋ ಸೂಕ್ಷ್ಮಜೀವಿಗಳನ್ನ ಉಪವಾಸ ಕೆಡವಿಬಿಟ್ಟೆ."

"ಹಾಗಾದ್ರೆ ಇನ್ನೂ ಒಂಬತ್ತು ಹತ್ತು ಬುಟ್ಟಿ ಸಿಪ್ಪೆ ಬೇಕು. ನಾವಿಬ್ರೇ ಎಷ್ಟು ತಿನ್ನೋಕಾಗುತ್ತೆ?"

ಭಾನುವಾರಕ್ಕೆ ಒಂದೇ ವಾರ ಉಳಿದಿತ್ತು. ಅತ್ತೆ ಮಾನ ಮರ್ಯಾದೆ ಮೂಲೆಗಿಟ್ಟು, ಅಂದು ಕಿಟಕಿ ಮುಚ್ಚಿಕೊಂಡವರ ಬಾಗಿಲುಗಳನ್ನೇ ತಟ್ಟಿದಳು. ಕೆಲವರು ನಕ್ಕರು, ಆದರೆ ಎಲ್ಲರೂ ಕೊಟ್ಟರು. ಸೆಕ್ರೆಟರಿಯ ಹೆಂಡತಿಯಂತೂ ಗಂಡನಿಗೆ ಹೇಳದೆ ಕಲ್ಲಂಗಡಿ ಸಿಪ್ಪೆ ಹೊತ್ತು ತಂದಳು. ಸಿಪ್ಪೆಗಳನ್ನು ಸಣ್ಣಗೆ ಕೊಚ್ಚಿ, ಎಲೆ ಮುರಿದು, ಹಿಂಡಿದ ಬಟ್ಟೆಯಷ್ಟು ತೇವ ಮಾಡಿ, ಗಾಳಿಯಾಡಲೆಂದು ದಂಪತಿ ಇಡೀ ಗುಡ್ಡೆಯನ್ನು ಮಗುಚಿ ಬೆರೆಸಿದರು. ಮೇಲೊಂದು ಪದರ ಒಣ ಎಲೆ ಹೊದಿಸಿದರು. ಮೇಷ್ಟ್ರಿಗೆ ಸೊಂಟ ಹಿಡಿದುಕೊಂಡಿತು, ಆದರೂ ಗೊಣಗಲಿಲ್ಲ. ತಪ್ಪು ಅವರದೇ ಅಲ್ಲವೇ.

ಭಾನುವಾರ ಸೆಕ್ರೆಟರಿ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಬಂದರು. ಅವರು ಮೆಲ್ಲಗೆ ಕರವಸ್ತ್ರ ಇಳಿಸಿದರು. ಮಣ್ಣಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಕೈ ಒಳಗೆ ತೂರಿಸಿದವರು ಸರಕ್ಕನೆ ಹಿಂದೆಳೆದುಕೊಂಡರು.

"ಸುಡ್ತಾ ಇದೆಯಲ್ಲಮ್ಮಾ."

"ಕೆಲಸ ನಡೀತಿದೆ ಅಂತ ಅರ್ಥ" ಎಂದರು ಮೇಷ್ಟ್ರು, ಉಬ್ಬಿಹೋಗಿ.

ಸೆಕ್ರೆಟರಿ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಮ್ಮನೇಲೂ ಸಿಪ್ಪೆ ಬೀಳುತ್ತೆ. ತಂದು ಹಾಕ್ಬೋದಾ?"

ಅತ್ತೆಗೆ ಕಣ್ಣು ತುಂಬಿ ಬಂತು, ನಗುವೂ ಬಂತು. ಅವರ ಮನೆಯ ಕಲ್ಲಂಗಡಿಯೇ ಒಳಗೆ ಬೇಯುತ್ತಿದೆ ಎಂದು ಅವಳು ಹೇಳಲಿಲ್ಲ. ಖಾಲಿ ಬುಟ್ಟಿಯನ್ನು ಅವರ ಕೈಗಿಟ್ಟಳು.

"ಧಾರಾಳವಾಗಿ ತನ್ನಿ. ಅದಕ್ಕೆ ಮುಂಚೆ ಅಂಗಳ ಗುಡಿಸಿ ಎರಡು ಮೂರು ಬುಟ್ಟಿ ಎಲೆ ತಂದುಬಿಡಿ."